ಅಪ್ಪಂಗೆ, ಫೋನಿನ ವಿಷಯ

ಪ್ರೀತಿಯ ಅಪ್ಪ, ಅಮ್ಮ,

ಭಾನುವಾರ ಮಾತಾಡ್ತಾ ಮಾತಾಡ್ತಾ ಮೂರು ಸಲ ಕಟ್ ಆಯ್ತಲ್ಲ, ಅಮ್ಮ ನನ್ನ ಧ್ವನಿ ಬಾವಿಯಿಂದ ಬಂದ ಹಾಗೆ ಕೇಳ್ತಿದೆ ಅಂದ್ಲು, ಅದಕ್ಕೆ ಕಾರಣ ಈಗ ಗೊತ್ತಾಯ್ತು. ಅಪ್ಪ ಇಲ್ಲಿಗೆ ಬಂದಾಗ ನಿಮ್ಮ ಫೋನಿಗೂ ಇದೇ ಆಗಬಹುದು, ಅದಕ್ಕೇ ಬಿಡಿಸಿ ಬರೀತಿದೀನಿ.

ನನ್ನ ಸಿಮ್ ಕಂಪನಿಗೆ ಇಲ್ಲಿ ಜರ್ಮನಿಯ ಫ್ರೈಬುರ್ಗ್ ಊರೊಳಗೆ ಸ್ವಂತ ಟವರ್ ಇದಾವೆ, ಹೊರಗಡೆ ಕಾಡು, ಕಣಿವೆ ಕಡೆ ಇನ್ನೊಂದು ಕಂಪನಿ ಟವರ್ ಮೇಲೆ ನಡೆಯುತ್ತೆ. ದೇಶದೊಳಗೇ ರೋಮಿಂಗ್. ನಮ್ಮಲ್ಲೂ ಉಂಟು, ಇಂಟ್ರಾ ಸರ್ಕಲ್ ರೋಮಿಂಗ್ ಅಂತಾರೆ, ಸರ್ಕಾರದ ದುಡ್ಡಲ್ಲಿ ಹಾಕಿದ ಕೆಲವು 4ಜಿ ಟವರುಗಳಲ್ಲಿ ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ ಮೂರೂ ಸಿಮ್ ನಡೆಯೋ ಹಾಗೆ 2025ರ ಜನವರಿಯಲ್ಲಿ ಶುರು ಮಾಡಿದ್ರಲ್ಲ, ಅದೇ.

ಶನಿವಾರ ಟ್ರೈನಲ್ಲಿ ಕಣಿವೆ ಕಡೆ ಹೋಗಿದ್ದೆ. ಅಲ್ಲಿ ನಮ್ಮ ಟವರ್ ಇಲ್ಲ, ಫೋನು ಪಾರ್ಟ್ನರ್ ನೆಟ್‌ವರ್ಕಿಗೆ ಹೋಯ್ತು, ಸರಿ. ಮನೆಗೆ ವಾಪಸ್ ಬಂದ್ರೂ ಅದನ್ನ ಬಿಡ್ಲೇ ಇಲ್ಲ. ಒಂದೇ ಕಡ್ಡಿ ಸಿಗ್ನಲ್. ಪಕ್ಕದಲ್ಲಿ ಕೂತಿದ್ದ ರೂಮ್‌ಮೇಟ್‌ದೂ ಇದೇ ಕಂಪನಿ ಸಿಮ್ಮು, ಅವಳಿಗೆ ಫುಲ್ ಇತ್ತು. ಸೆಟ್ಟಿಂಗ್ಸಲ್ಲಿ About phone ಒಳಗೆ SIM status ನೋಡಿದ್ರೆ ಸಿಗ್ನಲ್ ಬಲ ನಂದು -117, ಅವಳದ್ದು -91. ಮೈನಸ್ ಲೆಕ್ಕ, ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೇದು. ನೆಟ್‌ವರ್ಕ್ ಹೆಸರೂ ಬೇರೆ ಇತ್ತು, ಅಲ್ಲಿ ಗುಟ್ಟು ಸಿಕ್ತು.

ನಾವು ಅನ್ಕೊಳ್ಳೋದು ಫೋನು ಯಾವಾಗ್ಲೂ ಜೋರಾಗಿರೋ ನೆಟ್‌ವರ್ಕನ್ನ ಹುಡುಕ್ತಾ ಇರುತ್ತೆ ಅಂತ. ಹಾಗಲ್ಲ. ಹಿಡಿದಿರೋದು ಪೂರ್ತಿ ಸಾಯೋವರೆಗೂ ಅದನ್ನೇ ಹಿಡ್ಕೊಂಡಿರುತ್ತೆ, ಎಷ್ಟೇ ವೀಕ್ ಆಗಿರಲಿ. ತನ್ನ ಸ್ವಂತ ನೆಟ್‌ವರ್ಕ್ ಹತ್ರದಲ್ಲಿದೆಯಾ ಅಂತ ಆಗಾಗ ನೋಡುತ್ತೆ ನಿಜ, ಎಷ್ಟು ಹೊತ್ತಿಗೊಮ್ಮೆ ಅಂತ ಸಿಮ್ಮಿನಲ್ಲೇ ಬರೆದಿರುತ್ತೆ, ಬರೆದಿಲ್ಲ ಅಂದ್ರೆ ಒಂದು ಗಂಟೆಗೊಮ್ಮೆ. ಅದೂ ಫೋನು ಸುಮ್ನೆ ಇದ್ದಾಗ ಮಾತ್ರ. ನಾನು ಬಂದವಳೇ ವಿಡಿಯೋ ಹಾಕ್ಕೊಂಡು ಕೂತೆ, ಆಮೇಲೆ ನಿಮ್ಮ ಹತ್ರ ಮಾತು, ಪಾಪ ಅದಕ್ಕೆ ಹುಡುಕೋಕೆ ಪುರುಸೊತ್ತೇ ಸಿಗ್ಲಿಲ್ಲ.

ಏರೋಪ್ಲೇನ್ ಮೋಡ್ ಹಾಕಿ ತೆಗೆದೆ, ಮತ್ತೆ ಅದೇ. ಯಾಕಂದ್ರೆ ಆನ್ ಆದ ತಕ್ಷಣ ಫೋನು ಸಾಮಾನ್ಯವಾಗಿ ಕೊನೆಗೆ ಇದ್ದ ನೆಟ್‌ವರ್ಕನ್ನೇ ಮೊದಲು ಕೇಳುತ್ತೆ. ಹಾಗಾಗಿ ಕೈಯಲ್ಲೇ ಆರಿಸಿದೆ. SIMs ಒಳಗೆ Automatically select network ಅನ್ನೋದನ್ನ ಆಫ್ ಮಾಡಿದ್ರೆ ಹುಡುಕೋಕೆ ಶುರು ಮಾಡುತ್ತೆ, ಒಂದೆರಡು ನಿಮಿಷ ಹಿಡಿಯುತ್ತೆ, ಅಷ್ಟು ಹೊತ್ತು ನೆಟ್ ಇರಲ್ಲ, ಮಧ್ಯದಲ್ಲಿ Back ಒತ್ತಬಾರದು. ಪಟ್ಟಿಯಲ್ಲಿ ನಮ್ಮ ಕಂಪನಿ ಹೆಸರು ಬಂತು, ಒತ್ತಿದೆ, ಕಡ್ಡಿ ಎಲ್ಲಾ ತುಂಬ್ತು.

ಆಮೇಲೆ ನಾನು ಮಾಡಿದ ತಪ್ಪು ಏನಂದ್ರೆ ಹಾಗೇ ಬಿಟ್ಟಿದ್ದು. ಕೈಯಲ್ಲಿ ಆರಿಸಿದ್ರೆ ಫೋನು ಅದೊಂದನ್ನೇ ನಂಬ್ಕೊಂಡಿರುತ್ತೆ, ಆ ಸಿಗ್ನಲ್ ಹೋದ್ರೂ ಬೇರೇದಕ್ಕೆ ತಾನಾಗಿ ಹೋಗಲ್ಲ. ಮಂಗಳವಾರ ಮತ್ತೆ ಕಣಿವೆಗೆ ಹೋದವಳಿಗೆ ದಿನಪೂರ್ತಿ No service, ಅಮ್ಮ ಮಾಡಿದ ಕಾಲೂ ಬರಲಿಲ್ಲ. ಫೋನು ನಮ್ಮ ನೆಟ್‌ವರ್ಕಿಗೆ ಸೇರಿದ ಮೇಲೆ ಒಂದೆರಡು ನಿಮಿಷ ಬಿಟ್ಟು ಆಟೋಮ್ಯಾಟಿಕ್ಕನ್ನ ಮತ್ತೆ ಆನ್ ಮಾಡಿಬಿಡಬೇಕಿತ್ತು. ಆಗ ಸ್ವಂತ ನೆಟ್‌ವರ್ಕಲ್ಲೇ ಇರೋದ್ರಿಂದ ಅಲ್ಲೇ ಉಳಿಯುತ್ತೆ, ಊರು ಬಿಟ್ರೆ ಪಾರ್ಟ್ನರ್ ಕಡೆಗೂ ಹೋಗುತ್ತೆ.

ಅಪ್ಪ, ನಿಮ್ಮ ಸಿಮ್ಮಿಗೆ ಜರ್ಮನಿಯಲ್ಲಿ ಸ್ವಂತ ಅನ್ನೋದೇ ಇಲ್ಲ, ಎಲ್ಲಾ ಪರರದ್ದೇ. ನಿಮ್ಮ ಕಂಪನಿ ಯಾವುದನ್ನ ಮೊದಲು ಬರೆದಿದೆಯೋ ಅದು ಸಿಗ್ತಾ ಇರೋವರೆಗೂ ಅದನ್ನೇ ಹಿಡಿದಿರುತ್ತೆ, ನನ್ನ ಮನೆ ಹಿಂದಿನ ರೂಮಲ್ಲಿ ಅದು ವೀಕ್ ಇರಬಹುದು. ಬ್ಯಾಂಕಿನ ಓಟಿಪಿ ಬರಲಿಲ್ಲ ಅಂದ್ರೆ ಮೊದಲು ಇದನ್ನ ನೋಡಿ. ಪಟ್ಟಿಯಲ್ಲಿ ಮೂರ್ನಾಲ್ಕು ಹೆಸರು ಬರುತ್ತೆ, ಎಲ್ಲದರ ಜೊತೆಗೂ ನಿಮ್ಮ ಕಂಪನಿಗೆ ಒಪ್ಪಂದ ಇರಲ್ಲ, ಇಲ್ಲದ್ದನ್ನ ಒತ್ತಿದ್ರೆ ಸೇರಿಸ್ಕೊಳ್ಳಲ್ಲ ಅಷ್ಟೇ, ಫೋನು ಕೆಟ್ಟೋಯ್ತು ಅಂತ ಗಾಬರಿ ಬೇಡ, ಮುಂದಿನದನ್ನ ಒತ್ತಿ. ಆದ್ರೆ ನಿಮ್ಮಲ್ಲಿ ಆಟೋಮ್ಯಾಟಿಕ್ ಮಾಡಿದ್ರೆ ಮತ್ತೆ ಹಳೇದಕ್ಕೇ ಓಡಬಹುದು, ಅದಕ್ಕೆ ಮನೇಲಿರುವಾಗ ಕೈಯಲ್ಲಿ ಆರಿಸಿದ್ದೇ ಇರಲಿ, ಹೊರಗೆ ಹೊರಡುವಾಗ ಆಟೋಮ್ಯಾಟಿಕ್ಕಿಗೆ ಬದಲಾಯಿಸಿ. ಡೇಟಾ ರೋಮಿಂಗ್ ಮಾತ್ರ ಆಫಲ್ಲೇ ಇಡಿ, ಎಸ್ಸೆಮ್ಮೆಸ್ಸಿಗೆ ಅದು ಬೇಡ.

ಬೆಂಗಳೂರಲ್ಲಿ ವಿಮಾನ ಇಳಿದ ದಿನ ಆಟೋಮ್ಯಾಟಿಕ್ ಆನ್ ಇದೆಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ಅಲ್ಲೂ ಜರ್ಮನಿ ಟವರನ್ನೇ ಹುಡುಕ್ತಾ ಕೂತಿರುತ್ತೆ, ಡ್ರೈವರ್ ಹೊರಗೆ ಕಾಯ್ತಾ ಇರ್ತಾನೆ.

ಅಮ್ಮಂಗೆ ಹೇಳಿ, ಈ ಭಾನುವಾರ ಬೆಳಿಗ್ಗೇನೇ ಮಾಡ್ತೀನಿ.

ನಿಮ್ಮ ಮಗಳು