ಹಳದಿ ಪಟ್ಟೆಯನ್ನು ಅಳಿಸಿ, ಹುಡುಗರಿಗೆ ಹಗ್ಗ ತೋರಿಸಿ: ಬಂದರು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಬಂದರು ಸಚಿವರೇ,

ನಮಸ್ಕಾರ. ಮಂಗಳೂರಿನ ದಕ್ಕೆಯಲ್ಲಿ ಖಲಾಸಿಯಾಗಿ ಸೇರಿ, ಖಲಾಸಿಗಳ ಮುಖ್ಯಸ್ಥ ಅಂದರೆ ಸಾರಂಗನಾಗಿ ನಿವೃತ್ತನಾದವನು ನಾನು. ಹೊಸ ಖಲಾಸಿಗಳಿಗೆ ಹಡಗು ಕಟ್ಟುವ ಹಗ್ಗದ ಅಪಾಯವನ್ನು ಡೆಕ್ಕಿನ ಮೇಲೆಯೇ, ಅವರ ಭಾಷೆಯಲ್ಲಿ ಹೇಳಿಕೊಡಿ ಎಂದು ಕೇಳಿ ಕೇಳಿ ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಹೋದ ವರ್ಷ ನನ್ನ ತಂಗಿಯ ಮಗ ಒಂದು ಬಾರ್ಜಿಗೆ ಸೇರಿದ. ತರಬೇತಿ ಎಂದರೆ ಇಂಗ್ಲಿಷ್ ವಿಡಿಯೊ, ಕೊನೆಗೊಂದು ಸಹಿ. ಡೆಕ್ಕಿನ ಮೇಲೆ ಹಳದಿ ಪಟ್ಟೆ ಬಳಿದು, 'ಇದರಾಚೆ ನಿಂತರೆ ಏನೂ ಆಗಲ್ಲ' ಅಂದರಂತೆ. ಅವನು ಆಚೆಯೇ ನಿಂತಿದ್ದ. ಪಕ್ಕದಲ್ಲಿ ದೊಡ್ಡ ದೋಣಿಯೊಂದು ಜೋರಾಗಿ ಹೋಯಿತು, ಅದರ ಅಲೆಗೆ ಬಾರ್ಜು ದಕ್ಕೆಯಿಂದ ದೂರ ಸರಿಯಿತು, ನೈಲಾನ್ ಹಗ್ಗ ಬಿಗಿದು ಸಣ್ಣಗಾಗಿ ಕಿರುಗುಟ್ಟಿತು. ಅಷ್ಟರಲ್ಲೇ ತುಂಡಾಯಿತು. ತೊಡೆಮೂಳೆ ಎರಡು ಕಡೆ ಮುರಿದಿದೆ. ಅವನು ಇನ್ನೂ ಕೋಲು ಹಿಡಿದೇ ನಡೆಯುತ್ತಾನೆ. ನನ್ನ ತಂಗಿ ಬಳೆ ಅಡವಿಟ್ಟು ಆಸ್ಪತ್ರೆಯ ಬಿಲ್ಲು ಕಟ್ಟಿದಳು. ಕಂಪನಿಯವರು ಹಾಜರಿ ಪುಸ್ತಕದ ಸಹಿ ತೋರಿಸಿ ಕೈ ತೊಳೆದುಕೊಂಡರು. ಆ ಸಹಿಗೆ ನಾಚಿಕೆಯಾಗಬೇಕು ಸ್ವಾಮಿ!

ಪಟ್ಟೆ ಯಾಕೆ ಕೆಲಸಕ್ಕೆ ಬರಲಿಲ್ಲ ಎಂಬುದು ನಿಮಗೆ ಗೊತ್ತಿರಬೇಕು. ನೈಲಾನ್ ಹಗ್ಗ ಹರಿಯುವ ಮೊದಲು ತನ್ನ ಉದ್ದದ ಕಾಲು ಭಾಗಕ್ಕೂ ಹೆಚ್ಚು ಹಿಗ್ಗಬಲ್ಲದು. 20 ಮೀಟರ್ ಹಗ್ಗ 25 ಮೀಟರ್ ಆಗಿ ನಿಂತಿದೆ ಎಂದರೆ ಅಷ್ಟೂ ಶಕ್ತಿ ಅದರೊಳಗಿದೆ. ತುಂಡಾದಾಗ ಎರಡೂ ತುದಿ ಹಿಂದಕ್ಕೆ ಚಿಮ್ಮುತ್ತವೆ. ಹಗ್ಗ ನೇರವಾಗಿದ್ದರೆ ಏಟು ಎತ್ತ ಬರುತ್ತದೆಂದು ಸ್ವಲ್ಪ ಅಂದಾಜಿಸಬಹುದು. ಆದರೆ ಅಲ್ಲಿ ಹಗ್ಗ ವಿಂಚಿನಿಂದ ರೋಲರನ್ನು ಸುತ್ತಿ ತಿರುಗಿ ಹೊರಗೆ ಹೋಗಿತ್ತು. ಹೊರಗೆ ತುಂಡಾದ ಹಗ್ಗದ ಒಳತುದಿ ರೋಲರಿನ ಸುತ್ತ ಬೀಸಿಕೊಂಡು ಬಂದು ಹುಡುಗನ ಕಾಲಿಗೆ ಬಡಿಯಿತು. ಹಗ್ಗ ತಿರುಗುವ ಪ್ರತಿ ಜಾಗದಲ್ಲೂ ಅಪಾಯದ ವಲಯ ಅಗಲವಾಗುತ್ತದೆ. ಅದಕ್ಕೇ ಬ್ರಿಟನ್ನಿನ ನಾವಿಕರ ಸುರಕ್ಷತಾ ಸಂಹಿತೆ ಪಟ್ಟೆ ಬಳಿಯಬೇಡಿ, ಕಟ್ಟುವ ಡೆಕ್ಕನ್ನೇ ಇಡಿಯಾಗಿ ಅಪಾಯದ ಜಾಗವೆಂದು ತಿಳಿಯಿರಿ ಎನ್ನುತ್ತದೆ. 2015ರ ಮಾರ್ಚ್‌ನಲ್ಲಿ ವೇಲ್ಸ್‌ನ ಮಿಲ್‌ಫರ್ಡ್ ಹೇವನ್‌ನಲ್ಲಿ 'ಝರ್ಗಾ' ಎಂಬ ಅನಿಲ ಹಡಗಿನ ಹಗ್ಗ ತುಂಡಾಗಿ ಅಧಿಕಾರಿಯೊಬ್ಬರ ತಲೆಗೆ ತೀವ್ರ ಪೆಟ್ಟಾಯಿತು. ಅದು ಅಷ್ಟಾಗಿ ಹಿಗ್ಗದ ಜಾತಿಯ ಹಗ್ಗ; ಅದೇ ಹೀಗೆ ಬಡಿದರೆ ನೈಲಾನಿನ ಏಟು ಹೇಗಿರಬೇಕು ಯೋಚಿಸಿ.

ನನ್ನ ಬೇಡಿಕೆ ಒಂದೇ. ಹೊಸಬ ಕೆಲಸಕ್ಕಿಳಿಯುವ ಮೊದಲು ಅನುಭವಿ ಸಾರಂಗನೊಬ್ಬ ಡೆಕ್ಕಿನ ಮೇಲೆ ನಿಂತು ಕನ್ನಡದಲ್ಲೋ ತುಳುವಿನಲ್ಲೋ ಮಾತಾಡಲಿ. ಸಡಿಲ ಹಗ್ಗವನ್ನು ರೋಲರಿಗೆ ಸುತ್ತಿ, ತುದಿ ಎಲ್ಲಿಯವರೆಗೆ ಬೀಸುತ್ತದೆಂದು ನಡೆದು ತೋರಿಸಲಿ. ಸುರುಳಿಯೊಳಗೆ ಕಾಲಿಡದಂತೆ, ಹಗ್ಗ ಬಿಗಿಯುವಾಗ ಕೆಲಸವಿಲ್ಲದವರು ಡೆಕ್ಕು ಬಿಟ್ಟು ಹೋಗುವಂತೆ ರೂಢಿ ಮಾಡಿಸಲಿ. ಎಳೆ ಕರಗಿ ಗಾಜಿನಂತೆ ಗಟ್ಟಿಯಾದ, ಬಿಡಿಸಿದರೆ ಒಳಗಿಂದ ಪುಡಿ ಉದುರುವ ಹಗ್ಗವನ್ನು ಅವರ ಕೈಗೇ ಕೊಟ್ಟು ಮುಟ್ಟಿಸಲಿ. ಕಿರುಗುಟ್ಟುವವರೆಗೆ ಕಾಯಬೇಡ, ಎಷ್ಟೋ ಹಗ್ಗ ಸದ್ದೇ ಮಾಡದೆ ಹರಿಯುತ್ತದೆ ಎಂದೂ ಹೇಳಲಿ.

ಡೆಕ್ಕಿನ ಮೇಲೆ, ಅವರ ಭಾಷೆಯಲ್ಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಟೆಂಡರ್ ಬೇಡ, ನಿಮ್ಮದೊಂದು ಆದೇಶ ಸಾಕು. ಮಳೆಗಾಲ ಮುಗಿದು ಸರಕು ದೋಣಿಗಳು ಮತ್ತೆ ಹೊರಡುವ ಮೊದಲು ಅದು ದಕ್ಕೆಗೆ ತಲುಪಲಿ. ಹೇಳಿಕೊಡಲು ಸಂಬಳವಿಲ್ಲದೆ ಬರಲು ನಾನು ಸಿದ್ಧನಿದ್ದೇನೆ.

ಇತಿ,
ನಿವೃತ್ತ ಸಾರಂಗ, ಮಂಗಳೂರು