ಜನವರಿಯಿಂದ ತಿಂಗಳ ಬಡ್ಡಿ ಕಡಿಮೆ: ನಮ್ಮ ಠೇವಣಿದಾರರಿಗೆ ಒಂದು ಪತ್ರ

ಬಾಗಲಕೋಟೆ, ಡಿಸೆಂಬರ್ 2025

ಆತ್ಮೀಯ ಸದಸ್ಯರೇ,

ಜನವರಿ 1ರಿಂದ ನಮ್ಮ ಸಹಕಾರ ಸಂಘದಲ್ಲಿ ಹೊಸದಾಗಿ ಇಡುವ ಮಾಸಿಕ ಬಡ್ಡಿ ಠೇವಣಿಗೆ ಶೇ. 9.5 ಬದಲು ಶೇ. 8.5 ಕೊಡುತ್ತೇವೆ. ಈಗಾಗಲೇ ಬಾಂಡ್ ಇರುವವರಿಗೆ ವಾಯಿದೆ ಮುಗಿಯುವವರೆಗೆ ಹಳೇ ದರವೇ. ಲಕ್ಷಕ್ಕೆ ತಿಂಗಳಿಗೆ 791 ರೂಪಾಯಿ ಬರುತ್ತಿದ್ದದ್ದು ಇನ್ನು 708 ಆಗುತ್ತದೆ. ಈ ದುಡ್ಡಿನಲ್ಲೇ ಕಿರಾಣಿ, ಔಷಧಿ ನೋಡಿಕೊಳ್ಳುವವರಿಗೆ ಇದು ಕಷ್ಟ. ಕ್ಷಮೆ ಇರಲಿ.

ಆದರೆ "ಹೊಸ ಎಸಿ ಹಾಕಿಸಿದ್ದೀರಿ, ಅದಕ್ಕೇ ನಮ್ಮ ಬಡ್ಡಿ ಕತ್ತರಿಸಿದ್ದೀರಿ" ಎನ್ನುವ ಮಾತು ಮಾತ್ರ ಸರಿಯಲ್ಲ. ಎಸಿ ಇರುವುದು ಕಂಪ್ಯೂಟರ್ ರೂಮಿನಲ್ಲಿ. ಅಧ್ಯಕ್ಷರು ಫ್ಯಾನ್ ಕೆಳಗೇ ಕೂಡುತ್ತಾರೆ, ಬಂದು ನೋಡಿ. ನಿಜವಾದ ಕಾರಣ ಬೇರೆ. ಈ ವರ್ಷ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಅಂದರೆ ರೆಪೊ ದರವನ್ನು, 6.5ರಿಂದ 5.25ಕ್ಕೆ ಇಳಿಸಿತು. ಬ್ಯಾಂಕುಗಳ ಸಾಲ ಅಗ್ಗವಾಯಿತು. ಬಂಗಾರದ ಮೇಲೆ ನಮ್ಮಲ್ಲಿ ಸಾಲ ತೆಗೆದವರು ಬಿಡಿಸಿಕೊಂಡು ಅಲ್ಲಿಗೆ ಹೊರಟರು. ಅವರನ್ನು ಉಳಿಸಿಕೊಳ್ಳಲು ನಾವೂ ಸಾಲದ ಬಡ್ಡಿ 13ರಿಂದ 12ಕ್ಕೆ ಇಳಿಸಬೇಕಾಯಿತು.

ನೀವು ಇಟ್ಟ ನೂರು ರೂಪಾಯಿಯಲ್ಲಿ ನಾವು ಸಾಲ ಕೊಡುವುದು ಸುಮಾರು 75. ಉಳಿದದ್ದು ಡಿಸಿಸಿ ಬ್ಯಾಂಕಿನಲ್ಲಿರುತ್ತದೆ, ನೀವು ಅವಸರಕ್ಕೆ ಕೇಳಿದಾಗ ಕೊಡಬೇಕಲ್ವಾ? ಎರಡೂ ಕಡೆಯಿಂದ ವರ್ಷಕ್ಕೆ ಬರುವುದು ಹತ್ತೂವರೆ ರೂಪಾಯಿ ಚಿಲ್ಲರೆ. ಅದರಲ್ಲಿ ಎಂಟೂವರೆ ನಿಮಗೆ. ಮಿಕ್ಕ ಎರಡು ರೂಪಾಯಿಯಲ್ಲಿ ಪಗಾರ, ಬಾಡಿಗೆ, ಸುಸ್ತಿ ಸಾಲದ ಹೊರೆ ಎಲ್ಲಾ.

ಇನ್ನು ಕೌಂಟರಿನಲ್ಲಿ ದಿನಾ ಕೇಳುವ ಮಾತು: "ಪಕ್ಕದ ಸಂಘದವರು ಶೇ. 12 ಕೊಡುತ್ತಾರೆ, ನಿಮಗೇನಾಗಿದೆ?" ಶೇ. 12 ಕೊಡಬೇಕಾದರೆ ಅವರು ಸಾಲವನ್ನು 16ಕ್ಕಾದರೂ ಕೊಡಬೇಕು. ಬ್ಯಾಂಕಿನಲ್ಲಿ ಸಾಲ ಸಿಗುವವನು 16ಕ್ಕೆ ಯಾಕೆ ತಗೊಳ್ಳುತ್ತಾನೆ? ಎಲ್ಲೂ ಸಿಗದವನೇ ಬರುತ್ತಾನೆ. ಅವನು ಕಟ್ಟದಿದ್ದರೆ ಮುಳುಗುವುದು ನಿಮ್ಮ ಅಸಲು. ಸುಸ್ತಿ ಹೆಚ್ಚಿದಾಗ ಹೊಸ ಠೇವಣಿಯಿಂದ ಹಳಬರಿಗೆ ಬಡ್ಡಿ ಕೊಡುವುದೂ ಉಂಟು. ಹೊರಗಿನಿಂದ ಎಲ್ಲಾ ಚೆನ್ನಾಗಿಯೇ ಕಾಣುತ್ತದೆ, ತಿಂಗಳ ಬಡ್ಡಿ ತಪ್ಪುವುದಿಲ್ಲ. ಹಾಗಾಗಿ ಎಲ್ಲೇ ಇಡಿ, ಮೊದಲು ಎರಡು ಕಾಗದ ಕೇಳಿ: ಆಡಿಟ್ ವರದಿ ಮತ್ತು ಸುಸ್ತಿ ಎಷ್ಟು ಎನ್ನುವ ಲೆಕ್ಕ. "ಆಮೇಲೆ ತೋರಿಸ್ತೀವಿ" ಅಂದರೆ ಎದ್ದು ಬನ್ನಿ. ನಮ್ಮವು ಕೌಂಟರಿನಲ್ಲೇ ಇವೆ.

ನಮ್ಮ ಬಗ್ಗೆಯೂ ಒಂದು ಮಾತು ತಿಳಿದಿರಲಿ. ನಮ್ಮದು ಸಂಘ, ಬ್ಯಾಂಕ್ ಅಲ್ಲ. ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷದ ವಿಮೆ ಇಲ್ಲಿಲ್ಲ. ಆದ್ದರಿಂದಲೇ ಇದ್ದಬದ್ದದ್ದೆಲ್ಲಾ ನಮ್ಮಲ್ಲೇ ಇಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ.

ಕಳೆದ ತಿಂಗಳು ಇಳಕಲ್ಲಿನಿಂದ ಅರವತ್ತು ದಾಟಿದ ಒಬ್ಬ ಅಕ್ಕ 6 ಲಕ್ಷದ ಚೆಕ್ ತಂದಿದ್ದರು. ಯಜಮಾನರ ನಿವೃತ್ತಿ ಹಣ. ಪೂರ್ತಿ ನಮ್ಮಲ್ಲೇ ಇಡುತ್ತೇನೆ ಎಂದರು. ನಾವೇ ಬೇಡ ಎಂದೆವು. 3 ಲಕ್ಷ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿಸಿದೆವು. ಶೇ. 8.2, ಸರಕಾರದ ಭದ್ರತೆ. ಆದರೆ ಅಲ್ಲಿ ಬಡ್ಡಿ ಮೂರು ತಿಂಗಳಿಗೊಮ್ಮೆ, 6,150 ರೂಪಾಯಿ. ಉಳಿತಾಯ ಖಾತೆಗೆ ಬೀಳಲಿ, ತಿಂಗಳಿಗೆ 2,050 ಮಾತ್ರ ತೆಗೆಯಿರಿ ಎಂದೆವು. 2 ಲಕ್ಷ ಪೋಸ್ಟಿನ ಮಾಸಿಕ ಆದಾಯ ಯೋಜನೆಗೆ. ಶೇ. 7.4ರಂತೆ ತಿಂಗಳಿಗೆ 1,233. ಇದರ ಬಡ್ಡಿಯನ್ನು ತೆಗೆಯದೆ ಅಲ್ಲೇ ಬಿಟ್ಟರೆ ಅದರ ಮೇಲೆ ಬಡ್ಡಿ ಬೆಳೆಯುವುದಿಲ್ಲ. ಅದಕ್ಕೇ ಅದೂ ತಾನಾಗಿಯೇ ಉಳಿತಾಯ ಖಾತೆಗೆ ಹೋಗುವಂತೆ ಅರ್ಜಿ ಬರೆಸಿದೆವು.

ಉಳಿದ 1 ಲಕ್ಷ ನಮ್ಮಲ್ಲಿ, ಹಳೇ ದರದಲ್ಲಿ 791 ರೂಪಾಯಿ. ಇದು ಅವಸರದ ದುಡ್ಡು. ಪೋಸ್ಟಿನ ಆ ಖಾತೆಯನ್ನು ಮೊದಲ ವರ್ಷ ಮುರಿಯಲು ಬರುವುದಿಲ್ಲ. ಮೂರು ವರ್ಷದೊಳಗೆ ಮುರಿದರೆ ಅಸಲಿನಲ್ಲಿ ಶೇ. 2, ಅಂದರೆ 4,000 ರೂಪಾಯಿ ಹೋಗುತ್ತದೆ. ನಮ್ಮಲ್ಲಿ ಅವಧಿಗೆ ಮೊದಲು ತೆಗೆದರೂ ಅಸಲಿಗೆ ಕೈ ಹಾಕುವುದಿಲ್ಲ, ಬಡ್ಡಿಯಲ್ಲಿ ಶೇ. 1 ಕಡಿಮೆ ಕೊಡುತ್ತೇವೆ, ಅಷ್ಟೇ. ಈ ವಿಷಯದಲ್ಲಿ ನಮಗೆ ಹೆಮ್ಮೆಯೇ ಇದೆ.

ಒಟ್ಟು ತಿಂಗಳಿಗೆ 4,074. ಶೇ. 12ರ ಕಡೆ ಇಟ್ಟಿದ್ದರೆ 6,000 ಬರುತ್ತಿತ್ತು, ಅಕ್ಕನಿಗೂ ಅದು ಗೊತ್ತು. ಈ ಐದು ವರ್ಷ ಬಡ್ಡಿ ಏರುವುದಿಲ್ಲ, ಕಿರಾಣಿ ಬೆಲೆ ಏರುತ್ತದೆ ಎಂಬುದನ್ನೂ ಹೇಳಿದೆವು. ಅದಕ್ಕೆ ತಿಂಗಳಿಗೆ 300 ರೂಪಾಯಿಯ ಪಿಗ್ಮಿ ಶುರು ಮಾಡಿ ಹೋದರು.

ನಿಮ್ಮ ಬಾಂಡ್ ವಾಯಿದೆ ಮುಗಿಯುವ ಹದಿನೈದು ದಿನ ಮೊದಲೇ ಫೋನ್ ಮಾಡುತ್ತೇವೆ. ಪೋಸ್ಟಿಗೆ ಒಯ್ಯುತ್ತೇನೆ ಅಂದರೆ ಬೇಜಾರಿಲ್ಲ. ಫಾರಂ ತುಂಬಲು ಬರದಿದ್ದರೆ ಇಲ್ಲೇ ತನ್ನಿ, ನಮ್ಮ ಕ್ಲಾರ್ಕ್ ತುಂಬಿಕೊಡುತ್ತಾರೆ. ಆಧಾರ್, ಪ್ಯಾನ್, ಎರಡು ಫೋಟೋ ಜೊತೆಗಿರಲಿ.

ನಿಮ್ಮ,
ಕಾರ್ಯದರ್ಶಿ