ಮಕ್ಕಳು ಆಡಿದ್ದು ಆಡು ಹುಲಿ, ಇಸ್ಪೀಟಲ್ಲ

ಸಂಪಾದಕರೇ,

ಗ್ರಂಥಾಲಯದಲ್ಲಿ ಓದು ಬಿಟ್ಟು ಆಟ ಅಂತ ನಿನ್ನೆ ನೀವು ಹಾಕಿದ ಸುದ್ದಿ ನನ್ನ ಗ್ರಂಥಾಲಯದ್ದೇ. ತಪಾಸಣೆಗೆ ಬಂದ ಅಧಿಕಾರಿ ಒಂಬತ್ತನೇ ತರಗತಿ ಮಕ್ಕಳ ಎದುರೇ ನನ್ನನ್ನು ಗದರಿಸಿದರು. ಆಡು ಹುಲಿ ಬರೆದಿದ್ದ ರಟ್ಟನ್ನು ಹರಿದು ಹಾಕಿದರು. ಚೆಲ್ಲಿದ ಹುಣಸೆ ಬೀಜ ಆರಿಸುವಷ್ಟರಲ್ಲಿ ನನ್ನ ಬಸ್ ಹೋಗಿತ್ತು. ಇವತ್ತು ವಿವರಣೆ ಕೇಳಿ ನೋಟಿಸ್ ಬೇರೆ.

ಅಲ್ಲಿ ನಡೆದದ್ದು ಇಷ್ಟು. ಮೂರು ಹುಲಿ, 15 ಆಡು, 23 ಮನೆ. ಆಡುಗಳನ್ನು ಒಂದೊಂದಾಗಿ ಇಡಬೇಕು. ಎಲ್ಲವನ್ನೂ ಇಡುವವರೆಗೆ ಯಾವ ಆಡೂ ಕದಲುವಂತಿಲ್ಲ. ಆಡಿನ ಆಚೆ ಮನೆ ಖಾಲಿ ಇದ್ದರೆ ಮಾತ್ರ ಹುಲಿ ಹಾರಿ ತಿನ್ನುತ್ತದೆ. ಮೊದಲ ವಾರ ಮಕ್ಕಳು ಆಡನ್ನು ನಡುವೆ ಇಟ್ಟು ಸೋತರು. ಆಮೇಲೆ ಅಂಚಿನಿಂದ, ಒಂದರ ಬೆನ್ನಿಗೆ ಒಂದು ಇಡುತ್ತಾ ಬಂದರು. ಹುಲಿಗೆ ಹಾರಲು ಜಾಗವೇ ಸಿಗಲಿಲ್ಲ. ಯಾರ ಜೊತೆಗೂ ಮಾತಾಡದ ಹುಡುಗಿಯೊಬ್ಬಳು ಅದನ್ನು ಉಳಿದವರಿಗೆ ಹೇಳಿಕೊಡುತ್ತಿದ್ದಳು. ಸಾಹೇಬರು ಬಂದಿದ್ದು ಆಗಲೇ.

ಶನಿವಾರ ಒಂದು ಆಟದ ಕೂಟ ಮಾಡೋಣ ಅಂತ ಜೂನ್‌ನಲ್ಲೇ ಬರೆದುಕೊಟ್ಟಿದ್ದೆ. ಸುಮ್ನೆ ಕೇಳಿದ್ದಲ್ಲ, ಆಟಗಳನ್ನು ಯೋಚಿಸಿ ಆರಿಸಿದ್ದೆ. ನಮಗಿರುವುದು 40 ನಿಮಿಷ. ಮೊದಲು ಆಡು ಹುಲಿ, ಅಳಗುಳಿ ಮನೆ. ಇವೆರಡಕ್ಕೂ ಸದ್ದಿಲ್ಲ, ಖರ್ಚಿಲ್ಲ. ಚೌಕಾಬಾರದಲ್ಲಿ ನಾಲ್ಕು ಜನ ಕೂರಬಹುದು, ಆದರೆ ತಲಾ ನಾಲ್ಕು ಕಾಯಿ ಇಟ್ಟರೆ ಗಂಟೆ ಹೊಡೆದರೂ ಮುಗಿಯುವುದಿಲ್ಲ, ಎರಡೇ ಸಾಕು. ಚೆಸ್ ಬೋರ್ಡ್ ಒಂದೇ. ಜಾಸ್ತಿ ಇಟ್ಟರೆ ಬಲ್ಲವರು ಆಡುತ್ತಾರೆ, ಉಳಿದವರು ನೋಡುತ್ತಾ ನಿಲ್ಲುತ್ತಾರೆ. ಕೇರಂ ಬೇಡ, ಓದುವವರಿಗೆ ಅದರ ಟಕಟಕ ತಡೆಯುವುದಿಲ್ಲ.

ಎಂಟು ಜನಕ್ಕೆ ಕೋಡ್‌ನೇಮ್ಸ್ ಅನ್ನುವ ಪದ ಊಹಿಸುವ ಆಟ ಇದೆ. ಅಂಗಡಿಯದು ಇಂಗ್ಲಿಷಿನಲ್ಲಿದೆ. ನಾವು ಕನ್ನಡ ಪಾಠಗಳಿಂದ 25 ಪದ ಆರಿಸಿ ಚೀಟಿ ಮಾಡುತ್ತೇವೆ. ಎರಡು ಗುಂಪು. ನಾಯಕ ಒಂದು ಪದ, ಒಂದು ಸಂಖ್ಯೆ ಹೇಳಬೇಕು. ‘ಮಳೆ, ಎರಡು’ ಅಂದರೆ ಅವರ ಗುಂಪಿನವರು ಚೀಟಿಗಳಲ್ಲಿ ಮಳೆಗೆ ಹೊಂದುವ ಎರಡು ಪದ, ಕೊಡೆ, ಕಪ್ಪೆ, ಹುಡುಕಬೇಕು. ಇದಕ್ಕಿಂತ ಚೆನ್ನಾಗಿ ಪದ ಕಲಿಸುವ ಪಾಠ ನನಗೆ ಗೊತ್ತಿಲ್ಲ. ಕಾಯಿ ಕಳೆಯುತ್ತದೆ ಅನ್ನುವವರಿಗೂ ಉತ್ತರ ಕೊಟ್ಟಿದ್ದೆ. ಪುಸ್ತಕದಂತೆ ಡಬ್ಬಿಗೂ ನಂಬರ್, ಮುಚ್ಚಳದ ಮೇಲೆ ಕಾಯಿಗಳ ಲೆಕ್ಕ, ಕೊಡುವಾಗಲೂ ವಾಪಸ್ ಪಡೆಯುವಾಗಲೂ ಎಣಿಕೆ.

ಆ ಅರ್ಜಿಗೆ ಇನ್ನೂ ಉತ್ತರವಿಲ್ಲ. ಕಳೆದ ವರ್ಷ ಒಂದೇ ಪುಸ್ತಕದ 30 ಪ್ರತಿ ಕಳಿಸಿದರು, ಕೇಳಿದ ನಿಘಂಟು ಬರಲೇ ಇಲ್ಲ. ಸೋರುವ ಮೂಲೆಗೆ ಮೂರು ಮಳೆಗಾಲದಿಂದ ಬಕೆಟ್ ಇಡುತ್ತಿದ್ದೇನೆ. ಅದನ್ನು ನೋಡಲು ಯಾರೂ ಬರಲಿಲ್ಲ, ರಟ್ಟು ಹರಿಯಲು ಬಂದರು!

ನೋಟಿಸ್ ವಾಪಸ್ ತೆಗೆದುಕೊಳ್ಳಲಿ, ಶನಿವಾರದ ಕೂಟಕ್ಕೆ ಒಪ್ಪಿಗೆ ಕೊಡಲಿ. ಇಲ್ಲವೇ ಆ ಹುಡುಗಿಯ ಎದುರು ಕೂತು ಒಂದು ಸಲ ಹುಲಿ ಆಡಿ ನೋಡಲಿ. ಮಕ್ಕಳ ವಸ್ತು ಹರಿಯುವ ಹಕ್ಕು ಇವರಿಗೆ ಕೊಟ್ಟವರಾದರೂ ಯಾರು?

– ಒಬ್ಬ ಶಾಲಾ ಗ್ರಂಥಪಾಲಕಿ